ದೀಪಾವಳಿಯ ಡಬ್ಬಿಗೆ ಆಷಾಢದಲ್ಲೇ ಆರ್ಡರ್

ಕಚೇರಿಗಳಲ್ಲಿ ದೀಪಾವಳಿ ಉಡುಗೊರೆಯ ಮಾತು ಏಳುವುದು ಸಾಮಾನ್ಯವಾಗಿ ಗಣಪತಿ ವಿಸರ್ಜನೆ ಮುಗಿದ ಮೇಲೆ. ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿದೆ, ಬೇಕಾದಷ್ಟು ಸಮಯವಿದೆ ಎಂದು ಎಚ್‌ಆರ್ ವಿಭಾಗದವರಿಗೆ ಅನಿಸುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿರುವ ಡ್ರೈ ಫ್ರೂಟ್ಸ್ ಡಬ್ಬಿಯನ್ನು ಹಾಗೇ ಕೊಂಡು ಹಂಚುವುದಾದರೆ ಅಷ್ಟು ದಿನ ಸಾಕು. ಕಂಪನಿಯ ಲೋಗೋ, ಪ್ರತಿಯೊಬ್ಬರ ಹೆಸರಿನ ಕಾರ್ಡು, ನಮ್ಮ ನಾಡಿನ ಕುಶಲಕರ್ಮಿಗಳು ಕೈಯಾರೆ ಮಾಡಿದ ವಸ್ತು, ಇವೆಲ್ಲ ಬೇಕೆಂದರೆ ಆ ಹೊತ್ತಿಗೆ ಕಾಲ ಮೀರಿರುತ್ತದೆ. ಸಾಮಗ್ರಿಯನ್ನು ಮಾಡಿಕೊಡುವವರು ಆಗ ಒಂದೋ ಇಲ್ಲ ಎನ್ನಬೇಕು, ಇಲ್ಲವೇ ಆಗದ ತಾರೀಖಿಗೆ ಹೂಂ ಎಂದು ಆಮೇಲೆ ಇಬ್ಬರೂ ಪರದಾಡಬೇಕು.

ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ನೋಡಲು ಒಂದು ಆರ್ಡರನ್ನು ಕಲ್ಪಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ. 2025ರ ವರ್ಷವನ್ನೇ ತೆಗೆದುಕೊಳ್ಳುತ್ತೇನೆ. ಆ ವರ್ಷ ಹಬ್ಬದ ಹೊಸ್ತಿಲಲ್ಲೇ ಜಿಎಸ್‌ಟಿ ದರ ಬದಲಾಗಿ, ಇಂಥ ಆರ್ಡರುಗಳ ಲೆಕ್ಕ ತಲೆಕೆಳಗಾಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಸಾಫ್ಟ್‌ವೇರ್ ಕಚೇರಿ ಇದೆ, ಅದರ ಮುಖ್ಯ ಕಚೇರಿ ಗುರುಗ್ರಾಮದಲ್ಲಿ ಎಂದಿಟ್ಟುಕೊಳ್ಳಿ. ಬೇಕಾಗಿರುವುದು 300 ಡಬ್ಬಿ. ಪ್ರತಿ ಡಬ್ಬಿಯಲ್ಲಿ ಚನ್ನಪಟ್ಟಣದ ಒಂದು ಬಣ್ಣದ ಪೆನ್ ಸ್ಟ್ಯಾಂಡ್, ಬಾದಾಮಿ ಮತ್ತು ಪಿಸ್ತಾದ ಒಂದು ಪೊಟ್ಟಣ, ಮುಂದಿನ ವರ್ಷದ ಒಂದು ಡೈರಿ, ಒಂದು ಶುಭಾಶಯ ಪತ್ರ. 220 ಡಬ್ಬಿ ಕಚೇರಿಗೆ ಹೋಗಬೇಕು. ಉಳಿದ 80 ಮನೆಯಿಂದಲೇ ಕೆಲಸ ಮಾಡುವವರ ವಿಳಾಸಕ್ಕೆ, ಕೆಲವು ಹುಬ್ಬಳ್ಳಿಗೆ, ಕೆಲವು ಹೈದರಾಬಾದಿಗೆ, ಕೆಲವು ಪುಣೆಗೆ.

ಚನ್ನಪಟ್ಟಣದ ಗೊಂಬೆ ಬೆಂಗಳೂರಿಗೆ ಹೊಸದಲ್ಲ. ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಹೋದರೆ ಊರು ಸಿಗುತ್ತದೆ. ಅಲ್ಲಿನ ಆಟಿಕೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಆದರೆ ಆ ವಸ್ತು ಹೇಗೆ ತಯಾರಾಗುತ್ತದೆ ಎಂಬುದನ್ನು ಒಮ್ಮೆ ನೋಡಿದರೆ, ಲೋಗೋ ಹಾಕಿಸುವ ಮಾತು ಅಂದುಕೊಂಡಷ್ಟು ಸುಲಭವಲ್ಲ ಎಂದು ತಿಳಿಯುತ್ತದೆ.

ಆಲೆ ಮರದ ತುಂಡನ್ನು ಮೊದಲು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಣಗಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿಯನ್ನು ಮಡಿಸಿ ಅದೇ ಮೇಲ್ಮೈಗೆ ಒತ್ತಿದಾಗ ಅರಗು ಸಮನಾಗಿ ಹರಡಿ ಹೊಳಪು ಬರುತ್ತದೆ. ಬ್ರಷ್ಷಿನಿಂದ ಬಳಿದ ಪೇಂಟ್ ಇದಲ್ಲ, ಅರಗೇ ಬಣ್ಣ, ಅರಗೇ ಹೊಳಪು.

ಕಚೇರಿಯವರು ಮೊದಲು ಕೇಳುವುದು ಲೋಗೋದ ನೀಲಿಯನ್ನು. ಕಂಪನಿಗಳ ಬಣ್ಣಕ್ಕೆ ನಂಬರ್ ಇರುತ್ತದೆ, ಆ ನಂಬರಿನ ಶಾಯಿ ಎಲ್ಲ ಪ್ರೆಸ್ಸಿನಲ್ಲೂ ಒಂದೇ ರೀತಿ ಮೂಡುತ್ತದೆ. ಅರಗಿನ ಬಣ್ಣವನ್ನು ಬೆರೆಸುವುದು ಕೈಯಲ್ಲಿ, ಒಂದೊಂದು ಸಲಕ್ಕೆ ಒಂದಿಷ್ಟು ಕಡ್ಡಿ. ಇಂದು ಬೆರೆಸಿದ ನೀಲಿಗೂ ಮುಂದಿನ ವಾರ ಬೆರೆಸುವ ನೀಲಿಗೂ ತುಸು ವ್ಯತ್ಯಾಸ ಬಂದೇ ಬರುತ್ತದೆ. ಅರಿಸಿನದಂಥ ಸಸ್ಯಜನ್ಯ ಬಣ್ಣವಾದರೆ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟಲ್ಲಿ ಮಾಸುತ್ತದೆ. ಆದ್ದರಿಂದ ಲೋಗೋದ ಬಣ್ಣವೇ ಬೇಕೆಂದು ಹಟ ಹಿಡಿಯುವ ಬದಲು, ಕುಶಲಕರ್ಮಿಯ ಬಳಿ ಇರುವ ಬಣ್ಣಗಳಲ್ಲಿ ಹತ್ತಿರದ್ದನ್ನು ಆರಿಸಿ, ಒಂದು ತಿಳಿ ತುಂಡು ಮತ್ತು ಒಂದು ಗಾಢ ತುಂಡನ್ನು ಇಟ್ಟುಕೊಂಡು 'ಈ ಎರಡರ ನಡುವೆ ಇರುವುದೆಲ್ಲ ಒಪ್ಪಿಗೆ' ಎಂದು ಬರೆದುಕೊಳ್ಳುವುದು ಒಳ್ಳೆಯ ಪದ್ಧತಿ. ಕೊನೆಯಲ್ಲಿ 'ಶೇಡ್ ಬೇರೆ ಬಂದಿದೆ' ಎಂಬ ತಕರಾರಿಗೆ ಜಾಗ ಇರುವುದಿಲ್ಲ.

ಎರಡನೆಯದು ಅಕ್ಷರ ಕೊರೆಸುವ ವಿಷಯ. ಅರಗು ಬಿಸಿಗೆ ಕರಗುವ ವಸ್ತು, ಸ್ಪಿರಿಟ್ಟಿನಲ್ಲೂ ಕರಗುತ್ತದೆ. ಅರಗಿನ ಮೇಲೆಯೇ ಲೇಸರ್ ಹಾಯಿಸಿದರೆ ಅಕ್ಷರದ ಅಂಚು ಚೂಪಾಗಿ ಬಾರದೆ ಕರಗಿದಂತೆ ಕಾಣಬಹುದು. ಕಡು ದ್ರಾವಕ ಬೆರೆತ ಶಾಯಿಯಲ್ಲಿ ಮುದ್ರಿಸಿದರೆ ಹೊಳಪು ಕೆಡಬಹುದು. ಇದಕ್ಕೆ ದಾರಿ ಎಂದರೆ ಪೆನ್ ಸ್ಟ್ಯಾಂಡಿನ ಬುಡದಲ್ಲಿ ಒಂದು ಬೆರಳಗಲ ಅರಗು ಹಾಕದೆ ಬರಿಯ ಮರವನ್ನು ಬಿಡಿಸಿ, ಆ ಪಟ್ಟಿಯ ಮೇಲೆ ಲೇಸರ್‌ನಿಂದ ಕೊರೆಸುವುದು. ನನ್ನ ಅಭಿಪ್ರಾಯ ಕೇಳಿದರೆ ವಸ್ತುವಿನ ಮೇಲೆ ಲೋಗೋ ಬೇಡವೇ ಬೇಡ, ಡಬ್ಬಿಯ ಸುತ್ತ ಬರುವ ಕಾಗದದ ಪಟ್ಟಿಯ ಮೇಲಿರಲಿ. ಉಡುಗೊರೆ ಪಡೆದವರು ಪೆನ್ ಸ್ಟ್ಯಾಂಡನ್ನು ಮನೆಯ ಮೇಜಿನ ಮೇಲೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಜಾಹೀರಾತು ಹೊತ್ತ ವಸ್ತುವಿಗೆ ಆ ಭಾಗ್ಯ ಕಡಿಮೆ.

ಸ್ಪಿರಿಟ್ಟಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಚೇರಿಗಳಲ್ಲಿ ಮೇಜು ಒರೆಸಲು ಸ್ಯಾನಿಟೈಸರ್ ಬಳಸುವುದು ಈಗ ರೂಢಿ. ಅದರಲ್ಲಿರುವುದು ಆಲ್ಕೋಹಾಲ್. ಅದು ತಾಗಿದರೆ ಅರಗಿನ ಹೊಳಪು ಮಂಕಾಗಿ ಬಟ್ಟೆಗೆ ಬಣ್ಣ ಹತ್ತುತ್ತದೆ, ನೋಡಿದವರು 'ಕಳಪೆ ಮಾಲು' ಎನ್ನುತ್ತಾರೆ. ಒಣ ಬಟ್ಟೆಯಲ್ಲಿ ಒರೆಸಿ ಎಂಬ ಒಂದು ಸಾಲು ಡಬ್ಬಿಯೊಳಗಿನ ಕಾರ್ಡಿನಲ್ಲಿದ್ದರೆ ಈ ಅಪವಾದ ತಪ್ಪುತ್ತದೆ.

ಇನ್ನು ಸ್ಯಾಂಪಲ್. ಇಲ್ಲಿ ಎರಡು ಹಂತಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲು ಬರುವುದು ಮಾರಾಟದ ಸ್ಯಾಂಪಲ್. ಅದು ಹೀಗೆ ಮಾಡಿಕೊಡಬಲ್ಲೆವು ಎಂದು ತೋರಿಸಲು ತಂದದ್ದು, ಹೆಚ್ಚಾಗಿ ಹಳೆಯ ಆರ್ಡರಿನಲ್ಲಿ ಉಳಿದ ಚೆಂದದ ತುಂಡು. ಅದನ್ನು ನೋಡಿ ಆರ್ಡರ್ ಕೊಡುವುದು ಸರಿ, ಆದರೆ ಅದನ್ನೇ ಒಪ್ಪಿಗೆಯ ಮಾದರಿ ಎಂದುಕೊಳ್ಳಬಾರದು. ಎರಡನೆಯದು ಈ ಆರ್ಡರಿಗೆಂದೇ, ಇದೇ ಮರ, ಇದೇ ಬಣ್ಣ, ಇದೇ ಡಬ್ಬಿ, ಇದೇ ಕಾರ್ಡಿನೊಂದಿಗೆ ಪೂರ್ತಿ ಜೋಡಿಸಿ ತಂದ ಸ್ಯಾಂಪಲ್. ಇದು ಎರಡು ಪ್ರತಿ ಬೇಕು. ಎರಡರ ತಳಕ್ಕೂ ಚೀಟಿ ಅಂಟಿಸಿ, ಎರಡೂ ಕಡೆಯವರು ಸಹಿ ಮತ್ತು ತಾರೀಖು ಹಾಕಿ, ಒಂದು ಕಚೇರಿಯಲ್ಲಿ, ಇನ್ನೊಂದು ಮಾಡಿಕೊಡುವವರಲ್ಲಿ ಉಳಿಯಬೇಕು. ಫೋಟೋ ನೋಡಿ ವಾಟ್ಸಾಪಿನಲ್ಲಿ 'ಓಕೆ' ಎಂದದ್ದು ಒಪ್ಪಿಗೆಯಲ್ಲ. ಫೋಟೋದಲ್ಲಿ ಬಣ್ಣ ನಿಜವಾಗಿ ಕಾಣುವುದಿಲ್ಲ, ತೂಕ ಕಾಣುವುದಿಲ್ಲ, ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಅದೂ ಕಾಣುವುದಿಲ್ಲ.

ಸ್ಯಾಂಪಲ್ ಕೈಗೆ ಬಂದ ಮೇಲೆ ಅದನ್ನು ಕಪಾಟಿನಲ್ಲಿ ಇಡದೆ ಪರೀಕ್ಷೆಗೆ ಒಡ್ಡಬೇಕು. ಪೆನ್ ಸ್ಟ್ಯಾಂಡನ್ನು ಒಂದು ವಾರ ಏಸಿ ಕೋಣೆಯಲ್ಲಿ ಬಿಡಿ. ಮರ ಸರಿಯಾಗಿ ಒಣಗಿಲ್ಲದಿದ್ದರೆ ಆ ಒಣ ಗಾಳಿಗೆ ತೇವ ಬಿಟ್ಟುಕೊಂಡು ಕುಗ್ಗಿ, ತಳದಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ತಳ ಅರಗಿಲ್ಲದ ಭಾಗವಾದ್ದರಿಂದ ಅಲ್ಲಿ ಮೊದಲು ತಿಳಿಯುತ್ತದೆ. ಮಳೆಗಾಲದ ಕೊನೆಯಲ್ಲಿ ಅವಸರಕ್ಕೆ ಮಾಡಿದ ಮಾಲಿನಲ್ಲಿ ಈ ದೋಷದ ಭಯ ಹೆಚ್ಚು, ಕಚೇರಿಯವರು ಬೇಗ ಹೇಳಲಿ ಎಂದು ಕುಶಲಕರ್ಮಿಗಳು ಬಯಸುವುದಕ್ಕೆ ಇದೂ ಒಂದು ಕಾರಣ. ನಂತರ ಪೂರ್ತಿ ಜೋಡಿಸಿದ ಒಂದು ಡಬ್ಬಿಯನ್ನು ನಿಜವಾದ ಕೊರಿಯರಿನಲ್ಲೇ ಬೇರೆ ಊರಿಗೆ ಕಳಿಸಿ ತರಿಸಿಕೊಳ್ಳಿ. ಮೂಲೆ ಜಜ್ಜಿದೆಯೇ, ಪೆನ್ ಸ್ಟ್ಯಾಂಡ್ ಒಳಗೆ ಉರುಳಿ ಡೈರಿಗೆ ಬಣ್ಣ ಉಜ್ಜಿದೆಯೇ ಎಂದು ಬಿಚ್ಚಿ ನೋಡಿದರೆ ಸಾಕು, ಬೇರೆ ಪರೀಕ್ಷೆ ಬೇಡ.

ಕೊರಿಯರಿನ ಖರ್ಚೂ ಈ ಹಂತದಲ್ಲೇ ನಿರ್ಧಾರವಾಗುತ್ತದೆ. ಅವರು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ ಹೆಚ್ಚಿನದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಬರುತ್ತದೆ, ಹಲವು ಕೊರಿಯರುಗಳ ಲೆಕ್ಕ ಇದು. ನಮ್ಮ ಡಬ್ಬಿಯ ನಿಜವಾದ ತೂಕ 1.1 ಕಿಲೋ ಎಂದುಕೊಳ್ಳಿ. ಡಿಸೈನರು ಚೆಂದ ಕಾಣಲೆಂದು 30, 25, 12 ಸೆಂಟಿಮೀಟರಿನ ದೊಡ್ಡ ಡಬ್ಬಿ ಮಾಡಿದರೆ ಗಾತ್ರದ ತೂಕ 1.8 ಕಿಲೋ ಆಗುತ್ತದೆ, 80 ಡಬ್ಬಿಗೂ ಆ ದರವೇ. ಅದೇ ಸಾಮಾನು 26, 20, 9ರ ಡಬ್ಬಿಯಲ್ಲಿ ಅಡಕವಾಗಿ ಕೂತರೆ ಗಾತ್ರದ ತೂಕ ಒಂದು ಕಿಲೋದೊಳಗೆ ಬಂದು, ನಿಜವಾದ ತೂಕಕ್ಕಷ್ಟೇ ಹಣ ಕೊಟ್ಟರಾಯಿತು. ಒಳಗೆ ಖಾಲಿ ಜಾಗ ಇಲ್ಲದ್ದರಿಂದ ಸಾಮಾನು ಅಲುಗಾಡುವುದೂ ತಪ್ಪುತ್ತದೆ.

ಶುಭಾಶಯ ಪತ್ರ ಎಲ್ಲಕ್ಕಿಂತ ಸುಲಭದ ಕೆಲಸ ಎನಿಸುತ್ತದೆ. ಆದರೆ ಕನ್ನಡದಲ್ಲಿ ಕಾರ್ಡ್ ಮಾಡಿಸುವವರು ಇಲ್ಲಿ ಎಚ್ಚರದಿಂದಿರಬೇಕು. ಎಚ್‌ಆರ್‌ನವರು ಇಮೇಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಮುದ್ರಣದವರು ಹಳೆಯ ಆವೃತ್ತಿಯ ಡಿಸೈನ್ ತಂತ್ರಾಂಶದಲ್ಲಿ ಅದನ್ನು ಅಂಟಿಸಿದರೆ ಒತ್ತಕ್ಷರಗಳು ಒಡೆದುಕೊಂಡು, ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. 'ಹಾರ್ದಿಕ ಶುಭಾಶಯಗಳು' ಎಂಬಲ್ಲಿ ಮೊದಲ ಪದವೇ ಕೆಟ್ಟಿರುತ್ತದೆ. ಕನ್ನಡ ಓದಲು ಬಾರದ ಡಿಸೈನರಿಗೆ ಅದು ತಪ್ಪೆಂದು ಗೊತ್ತಾಗುವುದಿಲ್ಲ, 300 ಪ್ರತಿ ಅಚ್ಚಾಗಿ ಬಂದ ಮೇಲೆ ಕಣ್ಣಿಗೆ ಬೀಳುತ್ತದೆ. ಕನ್ನಡ ಬಲ್ಲವರೊಬ್ಬರು ಟೈಪ್ ಮಾಡಿ, ಅಕ್ಷರಗಳನ್ನೆಲ್ಲ ರೇಖೆಗಳಾಗಿ ಪರಿವರ್ತಿಸಿ ಪಿಡಿಎಫ್ ಕಳಿಸಬೇಕು, ಅಚ್ಚಿಗೆ ಮೊದಲು ಕಾಗದದ ಮೇಲೆ ತೆಗೆದ ಪ್ರೂಫನ್ನು ಕನ್ನಡ ಓದುವ ಇನ್ನೊಬ್ಬರು ನೋಡಬೇಕು. ಹೆಸರು ಬರೆದ ಕಾರ್ಡಾದರೆ ಹೆಸರಿನ ಪಟ್ಟಿಯನ್ನು ಆಯಾ ಉದ್ಯೋಗಿಗೇ ತೋರಿಸಿ ಒಪ್ಪಿಸಿಕೊಂಡಷ್ಟೂ ಒಳ್ಳೆಯದು. ಇಂಗ್ಲಿಷಿನಲ್ಲಿರುವ ಹೆಸರನ್ನು ನೋಡಿ ಕನ್ನಡದಲ್ಲಿ ಊಹಿಸಿ ಬರೆದರೆ ಲತಾ ಹೋಗಿ ಲಥಾ ಆಗುತ್ತದೆ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಇದನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಊರಿಗೆ ಹೊರಡುವವರು ಶುಕ್ರವಾರ ಸಂಜೆಯೇ ಬಸ್ಸು ಹತ್ತುತ್ತಾರೆ, ಆದ್ದರಿಂದ ಕಚೇರಿಯಲ್ಲಿ ಹಂಚುವುದು ಗುರುವಾರ, 16ಕ್ಕೆ. ಡಬ್ಬಿಗಳು ಕಚೇರಿಯ ಗೇಟು ದಾಟಬೇಕಾದ್ದು 14ಕ್ಕೆ, ಎರಡು ದಿನ ಕೈಯಲ್ಲಿರಬೇಕು. ದೊಡ್ಡ ಟೆಕ್ ಪಾರ್ಕುಗಳಲ್ಲಿ ಗಾಡಿ ಒಳಗೆ ಬಿಡಲು ಹಿಂದಿನ ದಿನವೇ ಅನುಮತಿ ಬೇಕು, ಸರಕಿನ ಲಿಫ್ಟಿಗೆ ಸಮಯ ಕೊಡುತ್ತಾರೆ. ಬೆಳಗಿನ ಪಾಳಿಯಲ್ಲಿ ಹೋದ ಟೆಂಪೋ ಪತ್ರವಿಲ್ಲದೆ ಸಂಜೆವರೆಗೆ ಹೊರಗೆ ನಿಲ್ಲುವುದುಂಟು. ಮನೆಗಳಿಗೆ ಹೋಗುವ 80 ಡಬ್ಬಿ ಇನ್ನೂ ಮೊದಲು, 8ರ ಬುಧವಾರದ ಹೊತ್ತಿಗೆ ಕೊರಿಯರಿನ ಕೈ ಸೇರಬೇಕು. ಹಬ್ಬದ ಹಿಂದಿನ ವಾರ ಅವರ ಗೋದಾಮುಗಳು ತುಂಬಿ ತುಳುಕುತ್ತವೆ, ಎರಡು ದಿನದ ದಾರಿಗೆ ಐದು ದಿನ ಹಿಡಿಯುತ್ತದೆ. ಅಂದರೆ ಜೋಡಿಸುವ ಕೆಲಸವನ್ನು ಈ 80 ಡಬ್ಬಿಗಳಿಂದಲೇ ಆರಂಭಿಸಬೇಕು.

ಅದಕ್ಕೆ ಎಲ್ಲ ಸಾಮಗ್ರಿ ಅಕ್ಟೋಬರ್ ಮೊದಲ ವಾರ ಒಂದೆಡೆ ಸೇರಿರಬೇಕು. ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ, ಅದೇ ದಿನ ಗಾಂಧಿ ಜಯಂತಿ. ಆ ಎರಡು ದಿನ ಲೇತು ತಿರುಗುವುದಿಲ್ಲ, ಪ್ರೆಸ್ಸು ನಡೆಯುವುದಿಲ್ಲ, ಗಾಡಿಗಳಿಗೆ ಪೂಜೆ. ಆದ್ದರಿಂದ ಚನ್ನಪಟ್ಟಣದ ಕೆಲಸ ಸೆಪ್ಟೆಂಬರ್ ಮುಗಿಯುವುದರೊಳಗೆ ಮುಗಿಯಬೇಕು. ಇಲ್ಲೇ ಒಂದು ತೊಡಕಿದೆ. ನವರಾತ್ರಿಗೆ ಮುಂಚಿನ ವಾರಗಳಲ್ಲಿ ಅಲ್ಲಿಗೆ ಗೊಂಬೆ ಹಬ್ಬದ ಬೇಡಿಕೆ ಬಂದಿರುತ್ತದೆ. ಕಚೇರಿಯ ಆರ್ಡರಿಗೆ ಎರಡು ಲೇತು ಮೀಸಲಿಟ್ಟು, ಒಂದರಲ್ಲಿ ದಿನಕ್ಕೆ ಎಂಟು ಪೆನ್ ಸ್ಟ್ಯಾಂಡ್ ಪೂರ್ತಿಯಾಗುತ್ತದೆ ಎಂದಿಟ್ಟುಕೊಂಡರೆ, ಮುರಿದವು, ಬಣ್ಣ ಕೆಟ್ಟವುಗಳನ್ನು ಸೇರಿಸಿ 315 ಮಾಡಲು ಇಪ್ಪತ್ತು ಕೆಲಸದ ದಿನ ಬೇಕು. ಸೆಪ್ಟೆಂಬರ್ 1ಕ್ಕೆ ಶುರುವಾದರೆ 23ರ ಸುಮಾರಿಗೆ ಮುಗಿದು, ತಪಾಸಣೆಗೂ ಅಕ್ಷರ ಕೊರೆಸುವುದಕ್ಕೂ ಒಂದು ವಾರ ಸಿಗುತ್ತದೆ. ಸೆಪ್ಟೆಂಬರ್ 1ಕ್ಕೆ ಶುರುವಾಗಬೇಕಾದರೆ ಸ್ಯಾಂಪಲಿನ ಸಹಿ ಗೌರಿ ಹಬ್ಬಕ್ಕೆ ಮೊದಲು, ಆಗಸ್ಟ್ 25ಕ್ಕೆ ಬಿದ್ದಿರಬೇಕು. ಸ್ಯಾಂಪಲ್ ಮಾಡಲು, ಏಸಿಯಲ್ಲಿಟ್ಟು ನೋಡಲು, ಒಮ್ಮೆ ತಿದ್ದಲು ಮೂರು ವಾರ. ಅದಕ್ಕೂ ಮೊದಲು ಕಂಪನಿಯ ಪಟ್ಟಿಗೆ ಮಾರಾಟಗಾರರಾಗಿ ಸೇರುವ ಕೆಲಸ ಇದೆ. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ರದ್ದು ಮಾಡಿದ ಚೆಕ್, ಉದ್ಯಮ್ ನೋಂದಣಿ ಎಲ್ಲವನ್ನೂ ಕೊಟ್ಟು ವೆಂಡರ್ ಕೋಡ್ ಬರುವಷ್ಟರಲ್ಲಿ ಎರಡು ವಾರ ಕಳೆಯುತ್ತದೆ. ಹಿಂದಕ್ಕೆ ಎಣಿಸುತ್ತಾ ಹೋದರೆ ಜುಲೈ ಮಧ್ಯ ಬಂತು, ಆಷಾಢ ಮಾಸ. ಮದುವೆ, ಗೃಹಪ್ರವೇಶ ಇಲ್ಲದ ಆ ದಿನಗಳಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಸುಲ್ತಾನ್‌ಪೇಟೆಯ ಪ್ರೆಸ್ಸುಗಳಲ್ಲೂ ಕೈ ಸ್ವಲ್ಪ ಖಾಲಿ ಇರುತ್ತದೆ, ಮಾತಾಡಲು ಪುರುಸೊತ್ತು ಇರುತ್ತದೆ.

ಕಚೇರಿಯವರು ಆರ್ಡರಿನ ದಿನ ಎಂದು ಎಣಿಸುವುದು ಪಿ.ಓ. ಕೊಟ್ಟ ತಾರೀಖನ್ನು. ಮಾಡಿಕೊಡುವವರಿಗೆ ಕೆಲಸ ನಿಜವಾಗಿ ಶುರುವಾಗುವುದು ಸ್ಯಾಂಪಲಿಗೆ ಸಹಿ ಬಿದ್ದು ಅಡ್ವಾನ್ಸ್ ಖಾತೆಗೆ ಬಂದ ದಿನ. ತಡವಾದ ಆರ್ಡರುಗಳಲ್ಲಿ ದಿನಗಳು ಸೋರಿ ಹೋಗುವುದು ಈ ಎರಡು ತಾರೀಖುಗಳ ನಡುವೆ. 'ಮೇಡಂ, ಡಬ್ಬಿಯ ಸ್ಯಾಂಪಲ್ ಒಪ್ಪಿಗೆ ಆಯ್ತಾ?' ಎಂದು ಕೇಳಿದರೆ 'ಸಾಹೇಬ್ರು ಟೂರಲ್ಲಿದ್ದಾರೆ, ಸೋಮವಾರ ಹೇಳ್ತೀನಿ' ಎಂಬ ಉತ್ತರ. ಸೋಮವಾರ ಇನ್ನೊಬ್ಬರು ರಿಬ್ಬನ್ನಿನ ಬಣ್ಣ ಬದಲಿಸಿ ಎನ್ನುತ್ತಾರೆ. ಕೊಟೇಶನ್ನಿನಲ್ಲೇ 'ಸ್ಯಾಂಪಲ್ ಒಪ್ಪಿಗೆ ಮತ್ತು ಅಡ್ವಾನ್ಸ್ ಎರಡೂ ಬಂದ ದಿನದಿಂದ 45 ದಿನ' ಎಂದು ಬರೆದಿಡುವುದು ಇದಕ್ಕಾಗಿ. ಒಂದು ದಿನ ತಡವಾದರೆ ತಲುಪುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ ಎಂಬುದು ಆಗ ಇಬ್ಬರಿಗೂ ಕಾಣುತ್ತದೆ. ಒಪ್ಪಿಗೆ ಕೊಡುವ ಅಧಿಕಾರ ಒಬ್ಬರಿಗೇ ಇರಲಿ, ಅವರ ಹೆಸರೂ ಅದರಲ್ಲೇ ಇರಲಿ.

ಇನ್ನು ಬಿಲ್ಲು. ಡಬ್ಬಿಯ ಬೆಲೆ ತೆರಿಗೆ ಬಿಟ್ಟು 850 ರೂಪಾಯಿ ಎಂದುಕೊಳ್ಳೋಣ. ಡಬ್ಬಿ, ಜೋಡಣೆ ಸೇರಿ ಪೆನ್ ಸ್ಟ್ಯಾಂಡಿಗೆ 480, ಬಾದಾಮಿ ಪಿಸ್ತಾಕ್ಕೆ 220, ಡೈರಿಗೆ 150. ಆಗಸ್ಟಿನಲ್ಲಿ ಕೊಟೇಶನ್ ಕೊಡುವಾಗ ಮರದ ಕರಕುಶಲ ವಸ್ತುವಿಗೂ ಬಾದಾಮಿ ಪಿಸ್ತಾಕ್ಕೂ ಶೇ 12, ಡೈರಿಗೆ ಶೇ 18 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಮೊದಲ ಎರಡೂ ಶೇ 5ಕ್ಕೆ ಇಳಿದವು, ಡೈರಿ ಶೇ 18ರಲ್ಲೇ ಉಳಿಯಿತು. ಅಡ್ವಾನ್ಸ್ ಆಗಸ್ಟಿನಲ್ಲೇ ಬಂದಿದ್ದರೂ ಮಾಲು ಮತ್ತು ಇನ್‌ವಾಯ್ಸ್ ಎರಡೂ ಅಕ್ಟೋಬರಿನವಾದರೆ ಹೊಸ ದರವೇ ಅನ್ವಯ. ಹಾಗಾಗಿ 300 ಡಬ್ಬಿಯ ತೆರಿಗೆ 33,300ರಿಂದ 18,600 ರೂಪಾಯಿಗೆ ಇಳಿಯಿತು. ಇಳಿದದ್ದು ಸಂತೋಷವೇ. ಆದರೆ ಪಿ.ಓ.ದಲ್ಲಿರುವ ಮೊತ್ತಕ್ಕೂ ಇನ್‌ವಾಯ್ಸಿನ ಮೊತ್ತಕ್ಕೂ ತಾಳೆಯಾಗದೆ ಕಂಪನಿಯ ಕಂಪ್ಯೂಟರ್ ಬಿಲ್ಲನ್ನು ತಡೆಹಿಡಿಯಬಹುದು. ಪಿ.ಓ. ತಿದ್ದಿಸಿಕೊಳ್ಳದೆ ಮಾಲು ಕಳಿಸಿದವರು ಹಬ್ಬ ಕಳೆದ ಮೇಲೂ ಅದರ ಹಿಂದೆ ಅಲೆಯಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್‌ವಾಯ್ಸ್ ಬರೆಯುವ ರೀತಿಯಲ್ಲಿದೆ. ಬೇರೆ ಬೇರೆ ದರದ ವಸ್ತುಗಳನ್ನು ಒಂದೇ ಬೆಲೆಗೆ ಒಟ್ಟಾಗಿ ಮಾರಿದರೆ ಜಿಎಸ್‌ಟಿ ಕಾನೂನಿನಲ್ಲಿ ಅದು ಮಿಶ್ರ ಪೂರೈಕೆ, ಇರುವುದರಲ್ಲಿ ಅತಿ ಹೆಚ್ಚಿನ ದರ ಎಲ್ಲಕ್ಕೂ ಬೀಳುತ್ತದೆ. 'ದೀಪಾವಳಿ ಗಿಫ್ಟ್ ಬಾಕ್ಸ್, 300, ತಲಾ 850' ಎಂದು ಒಂದೇ ಸಾಲು ಬರೆದರೆ ಆ 150 ರೂಪಾಯಿಯ ಡೈರಿಯ ದೆಸೆಯಿಂದ ಇಡೀ ಡಬ್ಬಿಗೆ ಶೇ 18, ಒಟ್ಟು 45,900 ರೂಪಾಯಿ ತೆರಿಗೆ. ಮೂರೂ ವಸ್ತುಗಳಿಗೆ ಬೇರೆ ಬೇರೆ ಬೆಲೆ ಗೊತ್ತುಪಡಿಸಿ, ಕೊಟೇಶನ್ನಿನಿಂದಲೇ ಪ್ರತ್ಯೇಕ ಸಾಲುಗಳಲ್ಲಿ ಮಾರಿದರೆ 18,600. ಮಾರಾಟವೇ ಹಾಗೆ ನಡೆದಿರಬೇಕು, ಕೊನೆಗೆ ಬಿಲ್ಲಿನಲ್ಲಷ್ಟೇ ಸಾಲು ಒಡೆದರೆ ನಿಲ್ಲುವುದು ಕಷ್ಟ, ಆದ್ದರಿಂದ ಲೆಕ್ಕಪರಿಶೋಧಕರನ್ನು ಜುಲೈನಲ್ಲೇ ಕೇಳಿಕೊಳ್ಳಬೇಕು. ಕಚೇರಿಗೆ ಈ ವ್ಯತ್ಯಾಸ ಮುಖ್ಯವಾಗಲು ಇನ್ನೊಂದು ಕಾರಣವಿದೆ. ಉಡುಗೊರೆಯಾಗಿ ಕೊಟ್ಟ ವಸ್ತುವಿನ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಬೇರೆ ಖರೀದಿಗಳಂತೆ ತೆರಿಗೆಯನ್ನು ಆಮೇಲೆ ಹೊಂದಿಸಿಕೊಳ್ಳೋಣ ಎನ್ನುವ ಹಾಗಿಲ್ಲ, ಅದು ಪೂರ್ತಿ ಖರ್ಚು.

ಪುಣೆ, ಹೈದರಾಬಾದಿಗೆ ಹೋಗುವ ಡಬ್ಬಿಗಳಿಗೆ ಐಜಿಎಸ್‌ಟಿ ಹಾಕಬೇಕೇ ಎಂಬ ಗೊಂದಲ ಬಹಳ ಜನಕ್ಕಿದೆ. ಬೆಂಗಳೂರಿನ ಕಚೇರಿ ಕೊಂಡು, ಅದರ ಮಾತಿನ ಮೇಲೆ ಮಾಲು ಬೇರೆಯವರ ವಿಳಾಸಕ್ಕೆ ಹೋದಾಗ ಪೂರೈಕೆಯ ಸ್ಥಳ ಕೊಂಡವರದ್ದೇ. ಹಾಗಾಗಿ ಅವಕ್ಕೂ ರಾಜ್ಯದೊಳಗಿನ ತೆರಿಗೆಯೇ. ಆದರೆ ಪಿ.ಓ. ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ, ಹರಿಯಾಣದ್ದು 06ರಿಂದ ಶುರುವಾಗುತ್ತದೆ. ಮಾತುಕತೆಯೆಲ್ಲ ಬೆಂಗಳೂರಿನವರ ಜೊತೆ ನಡೆದು, ಪಿ.ಓ. ಗುರುಗ್ರಾಮದ ನಂಬರಿನಲ್ಲಿ ಬಂದಿರುವುದು ಅಪರೂಪವಲ್ಲ. ಅದನ್ನು ಗಮನಿಸದೆ 29ರ ನಂಬರಿಗೆ ಬಿಲ್ ಮಾಡಿದರೆ ಅದು ವಾಪಸ್ಸು ಬರುತ್ತದೆ. ರದ್ದು ಮಾಡಿ ಹೊಸದು ಬರೆದು, ರಿಟರ್ನಿನಲ್ಲಿ ತಿದ್ದಿ, ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಪಿ.ಓ. ಬಂದ ದಿನ ಮೊದಲು ಓದಬೇಕಾದ್ದು ಆ ಎರಡು ಅಂಕಿಗಳನ್ನು.

ಬಾದಾಮಿ ಪೊಟ್ಟಣದ ಬಗ್ಗೆ ಎರಡು ಮಾತು. ಪೊಟ್ಟಣ ಕಟ್ಟಿದವರ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತೂಕ, ಕಟ್ಟಿದ ದಿನ, ಎಷ್ಟು ದಿನದೊಳಗೆ ಬಳಸಬೇಕು ಎಂಬ ವಿವರ ಇರುವ ಚೀಟಿ ಹಾಗೇ ಇರಬೇಕು. ಚೆಂದಕ್ಕೆಂದು ಬಿಡಿಯಾಗಿ ಕೊಂಡು ಜರಿ ಚೀಲಕ್ಕೆ ತುಂಬಿದರೆ ಆ ವಿವರವೆಲ್ಲ ಮಾಯವಾಗುತ್ತದೆ, ಪರವಾನಗಿ ಇಲ್ಲದವರು ಆಹಾರ ಕಟ್ಟಿದಂತೆಯೂ ಆಗುತ್ತದೆ. ಸಿಹಿತಿಂಡಿಯಾದರೆ ಕೊರಿಯರಿನ ಡಬ್ಬಿಗೆ ಹಾಕಲೇಬೇಡಿ. ಹಾಲಿನ ಸಿಹಿ ಕೆಡುತ್ತದೆ, ಮೈಸೂರು ಪಾಕಿನ ತುಪ್ಪ ಡೈರಿಗೆ ಇಳಿಯುತ್ತದೆ.

ಹಣದ ವಿಷಯದಲ್ಲಿ ನನಗೆ ಇರುವ ಕಳಕಳಿಯನ್ನು ಹೇಳಬೇಕು. ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತವರಿಗೆ ಮಾಡಿದ ಕೆಲಸದ ಕೂಲಿ ಆಗಾಗಲೇ ಸಿಗಬೇಕು, ಮರಕ್ಕೂ ಅರಗಿಗೂ ದುಡ್ಡು ಮೊದಲೇ ಕೊಡಬೇಕು. ದೊಡ್ಡ ಕಂಪನಿ ಅರವತ್ತು, ತೊಂಬತ್ತು ದಿನದ ಮೇಲೆ ಹಣ ಕೊಡುತ್ತೇನೆ ಎಂದರೆ ನಡುವಿನ ಪೂರೈಕೆದಾರ ಬಡ್ಡಿಗೆ ತಂದು ನಡೆಸಬೇಕು. ಆದ್ದರಿಂದ ಅರ್ಧ ಅಡ್ವಾನ್ಸ್ ಕೇಳುವುದನ್ನು ಅಪನಂಬಿಕೆ ಎಂದು ಕಚೇರಿಯವರು ತಿಳಿಯಬಾರದು. ಲೋಗೋ ಕೊರೆದ ಪೆನ್ ಸ್ಟ್ಯಾಂಡನ್ನು ಆರ್ಡರ್ ರದ್ದಾದರೆ ಬೇರೆ ಯಾರಿಗೂ ಮಾರಲಾಗುವುದಿಲ್ಲ.

ಉಳಿದ ಅರ್ಧಕ್ಕೆ ಕಾನೂನಿನ ಆಸರೆಯಿದೆ. ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ತಯಾರಕರಿಗೆ, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯೂ ಇದರ ಜೊತೆ ಸೇರಿಕೊಂಡಿತು. ಗಡುವು ಮೀರಿದ ಬಾಕಿಯನ್ನು ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಬರೀ ಕೊಂಡು ಮಾರುವ ವ್ಯಾಪಾರಿಗೆ ಈ ಗಡುವಿನ ರಕ್ಷಣೆ ಅನ್ವಯಿಸುವುದಿಲ್ಲ, ಹಾಗಾಗಿ ಉದ್ಯಮ್ ಪ್ರಮಾಣಪತ್ರದಲ್ಲಿ ತಯಾರಿಕೆ ಎಂದು ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಆ ಪ್ರಮಾಣಪತ್ರದ ಸಂಖ್ಯೆಯನ್ನು ಇನ್‌ವಾಯ್ಸಿನ ಮೇಲೆಯೇ ಅಚ್ಚು ಮಾಡಿಸುವುದು ರೂಢಿಯಾಗುತ್ತಿದೆ, ಅದು ಒಳ್ಳೆಯದು.

ದಿನ ಎಣಿಸುವುದರಲ್ಲಿ ಅಕೌಂಟ್ಸ್ ವಿಭಾಗದವರಿಗೂ ಕಾನೂನಿಗೂ ವ್ಯತ್ಯಾಸವಿದೆ. ಅವರು ಬಿಲ್ಲು ತಮ್ಮ ಕಂಪ್ಯೂಟರಿಗೆ ಏರಿದ ದಿನದಿಂದ ಎಣಿಸುತ್ತಾರೆ. ಕಾನೂನು ಮಾಲು ಒಪ್ಪಿಕೊಂಡ ದಿನದಿಂದ ಎಣಿಸುತ್ತದೆ. ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ತಲುಪಿದ ದಿನವನ್ನೇ ಒಪ್ಪಿದ ದಿನ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಆದ್ದರಿಂದ ಗೇಟಿನಲ್ಲಿ ಡೆಲಿವರಿ ಚಲನ್ನಿಗೆ 'ಸೆಕ್ಯುರಿಟಿ' ಎಂಬ ಮೊಹರು ಹಾಕಿಸಿಕೊಂಡು ಬಂದರೆ ಸಾಲದು. ಎಷ್ಟು ಡಬ್ಬಿ ತಲುಪಿತು, ಯಾರು ಪಡೆದರು, ಯಾವ ತಾರೀಖು ಎಂದು ಬರೆಸಿಕೊಳ್ಳಬೇಕು, ಮನೆಗಳಿಗೆ ಹೋದ 80ಕ್ಕೆ ಕೊರಿಯರಿನ ತಲುಪಿದ ದಾಖಲೆ ಇಟ್ಟುಕೊಳ್ಳಬೇಕು. ನಮ್ಮ ಆರ್ಡರಿನಲ್ಲಿ 220 ಡಬ್ಬಿ ಕಚೇರಿ ತಲುಪಿದ್ದು ಅಕ್ಟೋಬರ್ 14ಕ್ಕೆ, ಪಿ.ಓ.ದಲ್ಲಿ 45 ದಿನ ಎಂದಿತ್ತು ಎಂದುಕೊಂಡರೆ ಆ ಹಣಕ್ಕೆ ಕೊನೆಯ ದಿನ ನವೆಂಬರ್ 28. ತಪ್ಪು ಜಿಎಸ್‌ಟಿ ನಂಬರಿನಿಂದ ಬಿಲ್ಲು ಒಮ್ಮೆ ವಾಪಸ್ಸು ಬಂದು ನವೆಂಬರ್ ಮೊದಲ ವಾರ ಮತ್ತೆ ಸಲ್ಲಿಕೆಯಾಗಿದ್ದರೂ, ಮಾಲಿನ ಬಗ್ಗೆ ತಕರಾರು ಇಲ್ಲದ ಮೇಲೆ ಆ ದಿನ ಮುಂದಕ್ಕೆ ಹೋಗುವುದಿಲ್ಲ.